ಒಂಟಿಗೆ ಸಿಗದ್ದು ಜೋಡಿಗೆ ಸಿಕ್ಕಿತು

ಅರ್ಧ ಕಿಲೋ ಸಕ್ಕರೆಯ ಪೊಟ್ಟಣ ತುಂಬುವ ಒಂದು ಯಂತ್ರವಿದೆ ಎಂದುಕೊಳ್ಳಿ. ಗುರಿ 500 ಗ್ರಾಂ. ಆದರೆ ಪೊಟ್ಟಣಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟರೆ ಒಂದು 501 ತೂಗುತ್ತದೆ, ಇನ್ನೊಂದು 497, ಮತ್ತೊಂದು 503. ಬಹುಪಾಲು ಪೊಟ್ಟಣಗಳು 500ರ ಆಸುಪಾಸಿನಲ್ಲೇ ಇರುತ್ತವೆ. ದೂರ ಸರಿದಷ್ಟೂ ಅವುಗಳ ಸಂಖ್ಯೆ ಕಡಿಮೆಯಾಗುತ್ತ, 485ರಂಥ ತೂಕ ಅಪರೂಪವಾಗುತ್ತದೆ. ಸಾವಿರಾರು ತೂಕಗಳನ್ನು ನಕ್ಷೆಯಾಗಿ ಬರೆದರೆ ದೇವಸ್ಥಾನದ ಗಂಟೆಯನ್ನು ಬಾಯಿ ಕೆಳಗಾಗಿ ಇಟ್ಟಂಥ ಆಕಾರ ಬರುತ್ತದೆ. ಸಂಖ್ಯಾಶಾಸ್ತ್ರದವರು ಇದನ್ನು ನಾರ್ಮಲ್ ವಿತರಣೆ ಎನ್ನುತ್ತಾರೆ.

ಯಂತ್ರವನ್ನು ಓಡಿಸುವ ಮೊದಲೇ ಅದರ ನಡವಳಿಕೆಯನ್ನು ಕಂಪ್ಯೂಟರ್‌ನಲ್ಲಿ ಆಡಿಸಿ ನೋಡಬೇಕೆಂದು ಇಂಜಿನಿಯರ್ ಬಯಸುತ್ತಾನೆ. ಹತ್ತು ಸಾವಿರ ಪೊಟ್ಟಣ ತುಂಬಿದರೆ 490ಕ್ಕಿಂತ ಕಡಿಮೆ ತೂಗುವವು ಎಷ್ಟು ಬಂದಾವು? ಅದಕ್ಕೆ ಗಂಟೆಯಾಕಾರದಲ್ಲಿ ಹರಡಿಕೊಳ್ಳುವ ಹತ್ತು ಸಾವಿರ ಕಾಲ್ಪನಿಕ ತೂಕಗಳು ಬೇಕು. ಕಂಪ್ಯೂಟರ್‌ಗೆ ಮೂಲದಲ್ಲಿ ಗೊತ್ತಿರುವುದು ಒಂದೇ ಬಗೆಯ ರ‍್ಯಾಂಡಮ್ ಸಂಖ್ಯೆ: ಸೊನ್ನೆಗೂ ಒಂದಕ್ಕೂ ನಡುವೆ ಎಲ್ಲಿ ಬೇಕಾದರೂ, ಎಲ್ಲ ಕಡೆಗೂ ಸಮಾನ ಅವಕಾಶದಿಂದ ಬೀಳುವ ಸಂಖ್ಯೆ. ಎಕ್ಸೆಲ್‌ನಲ್ಲಿ `=RAND()` ಎಂದು ಬರೆದರೆ ಸಿಗುವುದು ಅದೇ. ಅವನ್ನು ನಕ್ಷೆಯಾಗಿ ಬರೆದರೆ ಗಂಟೆ ಕಾಣುವುದಿಲ್ಲ, ಸಪಾಟಾದ ಜಗಲಿ ಕಾಣುತ್ತದೆ.

ಜಗಲಿಯಿಂದ ಗಂಟೆಯನ್ನು ಮಾಡುವುದು ಹೇಗೆ?

ಇಂಥ ಮಾರ್ಪಾಡಿಗೆ ಒಂದು ನೇರ ದಾರಿ ಇದೆ. ಊರಿನ ಜನರನ್ನೆಲ್ಲ ಗಿಡ್ಡವರಿಂದ ಎತ್ತರದವರವರೆಗೆ ಸಾಲಾಗಿ ನಿಲ್ಲಿಸಿ, 0.35 ಎಂಬ ಸಂಖ್ಯೆ ಬಂದರೆ ಸಾಲಿನಲ್ಲಿ ಶೇಕಡಾ 35ರಷ್ಟು ದೂರ ನಡೆದು ಅಲ್ಲಿ ನಿಂತವರ ಎತ್ತರ ಎಷ್ಟೆಂದು ಕೇಳಿದರೆ ಆಯಿತು. ನಿಜವಾದ ಸಾಲಿನ ಬದಲು ಸೂತ್ರವಿದ್ದರೆ ಇನ್ನೂ ಸುಲಭ. ನಾರ್ಮಲ್ ವಿತರಣೆಯಲ್ಲಿ ಈ ದಾರಿ ಮುಚ್ಚಿಕೊಳ್ಳುತ್ತದೆ. ಇಂತಿಷ್ಟು ಬೆಲೆಗಿಂತ ಕೆಳಗೆ ಎಷ್ಟು ಪಾಲು ಇದೆ ಎಂಬುದನ್ನು ಲಾಗ್, ವರ್ಗಮೂಲ, ಸೈನ್, ಕೊಸೈನ್‌ಗಳಂಥ ಪರಿಚಿತ ಸಾಮಗ್ರಿಯಿಂದ ಬರೆಯಲು ಬರುವುದೇ ಇಲ್ಲ. ಪಾಲಿನಿಂದ ಬೆಲೆಗೆ ಹಿಂದಿರುಗುವ ಸೂತ್ರವೂ ಇಲ್ಲ. ಉಳಿಯುವುದು ದೊಡ್ಡ ಕೋಷ್ಟಕ, ಇಲ್ಲವೇ ಅಂದಾಜಿನ ಉದ್ದನೆಯ ಲೆಕ್ಕ.

ಹಾಗಾಗಿ ಬಹಳ ಕಾಲ ಜನ ಅಡ್ಡದಾರಿ ಹಿಡಿದರು. ಅಮೆರಿಕದ ರ‍್ಯಾಂಡ್ ಸಂಸ್ಥೆ 1955ರಲ್ಲಿ ಹತ್ತು ಲಕ್ಷ ರ‍್ಯಾಂಡಮ್ ಅಂಕಿಗಳ ಪುಸ್ತಕ ಅಚ್ಚು ಹಾಕಿದಾಗ ಅದರೊಳಗೆ ಒಂದು ಲಕ್ಷ ನಾರ್ಮಲ್ ಸಂಖ್ಯೆಗಳನ್ನೂ ಸೇರಿಸಿತ್ತು. ಬೇಕಾದವರು ಪುಟ ತಿರುವಿ ಎತ್ತಿಕೊಳ್ಳಬಹುದಿತ್ತು. ಇನ್ನೊಂದು ದಾರಿ, ಹನ್ನೆರಡು ಸಪಾಟು ಸಂಖ್ಯೆಗಳನ್ನು ಕೂಡಿಸಿ ಆರು ಕಳೆಯುವುದು. ಬಂದ ಉತ್ತರ ಗಂಟೆಯಂತೆಯೇ ಕಾಣುತ್ತದೆ. ಸರಾಸರಿ ಸೊನ್ನೆ, ಮಾನಕ ವಿಚಲನೆ ಒಂದು. ದೋಷ ಇರುವುದು ಅಂಚಿನಲ್ಲಿ. ಮಾನಕ ವಿಚಲನೆಯ ಮೂರು ಪಟ್ಟು ದೂರದಾಚೆ ನಿಜವಾದ ಗಂಟೆಯಲ್ಲಿ ಹತ್ತು ಸಾವಿರಕ್ಕೆ 27 ಸಂಖ್ಯೆಗಳು ಬೀಳಬೇಕು, ಈ ನಕಲಿನಲ್ಲಿ ಬೀಳುವುದು ಸುಮಾರು 20. ಆರರಾಚೆಗಂತೂ ಒಂದೂ ಬೀಳುವಂತಿಲ್ಲ. ಅಪರೂಪದ ಅವಘಡಗಳನ್ನು ಹುಡುಕಲೆಂದೇ ಲೆಕ್ಕ ಹಾಕುವವರಿಗೆ ಅಂಚಿನ ಈ ಕೊರತೆ ಚಿಕ್ಕದಲ್ಲ. ಜೊತೆಗೆ ಒಂದು ಸಂಖ್ಯೆಗಾಗಿ ಹನ್ನೆರಡು ಸಂಖ್ಯೆ ಸುರಿಯಬೇಕು.

1958ರಲ್ಲಿ ಜಾರ್ಜ್ ಬಾಕ್ಸ್ ಮತ್ತು ಮರ್ವಿನ್ ಮುಲ್ಲರ್ ಎಂಬಿಬ್ಬರು ಅಮೆರಿಕದ ‘ಆನಲ್ಸ್ ಆಫ್ ಮ್ಯಾಥಮೆಟಿಕಲ್ ಸ್ಟಾಟಿಸ್ಟಿಕ್ಸ್’ ಪತ್ರಿಕೆಯಲ್ಲಿ ಎರಡೇ ಪುಟದ ಟಿಪ್ಪಣಿ ಪ್ರಕಟಿಸಿದರು. ಬಾಕ್ಸ್ ಇಂಗ್ಲೆಂಡಿನವರು. ರಸಾಯನಶಾಸ್ತ್ರ ಓದಿ, ಎರಡನೇ ಮಹಾಯುದ್ಧದ ಕಾಲದ ಪ್ರಯೋಗಗಳ ಅಂಕಿಅಂಶ ಅರ್ಥಮಾಡಿಕೊಳ್ಳಲು ಸಂಖ್ಯಾಶಾಸ್ತ್ರವನ್ನು ತಾವಾಗಿಯೇ ಕಲಿತವರು, ಆಗ ಪ್ರಿನ್ಸ್‌ಟನ್‌ನಲ್ಲಿದ್ದರು. ಟಿಪ್ಪಣಿಯ ಸಾರವನ್ನು ಒಂದು ಮಾತಿನಲ್ಲಿ ಹೇಳಬಹುದು: ನಾರ್ಮಲ್ ಸಂಖ್ಯೆಯನ್ನು ಒಂಟಿಯಾಗಿ ಕೇಳಿದರೆ ಸೂತ್ರ ಸಿಗುವುದಿಲ್ಲ, ಎರಡನ್ನು ಒಟ್ಟಿಗೆ ಕೇಳಿದರೆ ಸಿಗುತ್ತದೆ. ಒಂದು ಕಷ್ಟವಾದರೆ ಎರಡು ಇನ್ನೂ ಕಷ್ಟ ಎಂಬ ನಮ್ಮ ರೂಢಿಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಈ ವಿಧಾನದ ಸೊಗಸೆಲ್ಲ ಅಲ್ಲೇ ಇದೆ.

ಅದು ಯಾಕೆ ಹಾಗೆ ಎಂಬುದನ್ನು ಕಾಣಲು ಇನ್ನೂ ನೂರು ವರ್ಷ ಹಿಂದಕ್ಕೆ, 1850ಕ್ಕೆ ಹೋಗಬೇಕು. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಒಂದು ಚಿತ್ರ ಮುಂದಿಟ್ಟಿದ್ದರು. ನೆಲದ ಮೇಲೆ ಒಂದು ಗುರುತು ಹಾಕಿ, ಎತ್ತರದಿಂದ ಅದರತ್ತ ಚೆಂಡೊಂದನ್ನು ಮತ್ತೆ ಮತ್ತೆ ಬೀಳಿಸಲಾಗುತ್ತಿದೆ. ಚೆಂಡು ಗುರುತಿನ ಸುತ್ತಮುತ್ತ ಬೀಳುತ್ತದೆ. ಪೂರ್ವ–ಪಶ್ಚಿಮವಾಗಿ ಆಗುವ ತಪ್ಪಿಗೂ ಉತ್ತರ–ದಕ್ಷಿಣವಾಗಿ ಆಗುವ ತಪ್ಪಿಗೂ ಸಂಬಂಧವಿಲ್ಲ. ಯಾವ ದಿಕ್ಕಿನ ಮೇಲೂ ವಿಶೇಷ ಒಲವಿಲ್ಲ. ಈ ಎರಡೇ ಷರತ್ತು ಸಾಕು, ಎರಡೂ ತಪ್ಪುಗಳು ಗಂಟೆಯಾಕಾರದಲ್ಲೇ ಹರಡಬೇಕಾಗುತ್ತದೆ ಎಂದು ಹರ್ಷೆಲ್ ವಾದಿಸಿದರು. ಹತ್ತು ವರ್ಷಗಳ ನಂತರ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದೇ ತರ್ಕದಿಂದ ಅನಿಲದ ಕಣಗಳ ವೇಗವನ್ನು ಲೆಕ್ಕ ಹಾಕಿದರು.

ಆ ನೆಲವನ್ನೇ ಮನಸ್ಸಿನಲ್ಲಿಟ್ಟುಕೊಳ್ಳೋಣ. ಬಿದ್ದ ಜಾಗವನ್ನು ಎರಡು ಬಗೆಯಲ್ಲಿ ಹೇಳಬಹುದು. “ಗುರುತಿನಿಂದ ಪೂರ್ವಕ್ಕೆ ಮೂರು ಹೆಜ್ಜೆ, ಅಲ್ಲಿಂದ ಉತ್ತರಕ್ಕೆ ನಾಲ್ಕು ಹೆಜ್ಜೆ” ಎನ್ನುವುದು ಒಂದು. ಗುರುತಿನ ಮೇಲೆ ನಿಂತು ಕೈಚಾಚಿ, “ಈ ದಿಕ್ಕಿಗೆ ನೇರ ಐದು ಹೆಜ್ಜೆ” ಎನ್ನುವುದು ಇನ್ನೊಂದು. ಎರಡನೆಯದನ್ನು ಗಣಿತದಲ್ಲಿ ಧ್ರುವೀಯ ನಿರ್ದೇಶಾಂಕ ಎನ್ನುತ್ತಾರೆ. ಅದಕ್ಕೆ ಬೇಕಾದದ್ದು ಒಂದು ಕೋನ, ಒಂದು ದೂರ.

ಮೊದಲ ಬಗೆಯಲ್ಲಿ ಹೇಳಿದರೆ ಎರಡೂ ಸಂಖ್ಯೆಗಳು ನಾರ್ಮಲ್, ಅಂದರೆ ಸೂತ್ರವಿಲ್ಲದ ಆ ಕಗ್ಗಂಟು. ಎರಡನೆಯ ಬಗೆಗೆ ಹೊರಳಿದ ಕೂಡಲೇ ಗಂಟು ಸಡಿಲವಾಗುತ್ತದೆ. ಯಾವ ದಿಕ್ಕಿಗೂ ಒಲವಿಲ್ಲದ ಕಾರಣ ಕೋನ ಸಪಾಟು: ಸೊನ್ನೆಯಿಂದ 360 ಡಿಗ್ರಿಯವರೆಗೆ ಯಾವುದಾದರೂ ಸರಿ. ಕಂಪ್ಯೂಟರ್ ಕೊಡುವ ಒಂದು ಸಂಖ್ಯೆಯನ್ನು 360ರಿಂದ ಗುಣಿಸಿದರೆ ಕೋನ ಸಿದ್ಧ. ಇನ್ನು ದೂರ. ಪೂರ್ವದ ತಪ್ಪಿನ ಸಾಂದ್ರತೆ e^(−x²/2) ಎಂಬ ರೂಪದ್ದು, ಉತ್ತರದ್ದು e^(−y²/2). ಎರಡನ್ನೂ ಗುಣಿಸಿದರೆ ಮೇಲಿನ ಘಾತಗಳು ಕೂಡಿಕೊಂಡು x²+y² ಆಗುತ್ತದೆ. ಪೈಥಾಗೊರಸ್ ಪ್ರಮೇಯ ಓದಿದವರಿಗೆ ಅದು ದೂರದ ವರ್ಗ ಎಂದು ಗೊತ್ತು. ಚೆಂಡು r ದೂರಕ್ಕಿಂತ ಆಚೆ ಬೀಳುವ ಸಂಭವವನ್ನು ಲೆಕ್ಕ ಹಾಕಿದರೆ ಬರುವ ಉತ್ತರ e^(−r²/2), ಅಷ್ಟೇ. ಒಂಟಿ ಗಂಟೆಯಲ್ಲಿ ಸಿಗದಿದ್ದ ಸರಳ ಸೂತ್ರ ಇಲ್ಲಿ ತಾನಾಗಿ ಬಂದು ನಿಲ್ಲುತ್ತದೆ. ಇದನ್ನು ತಿರುಗಿಸುವುದೂ ಸುಲಭ. ಕಂಪ್ಯೂಟರ್ ಕೊಟ್ಟ ಸಂಖ್ಯೆ u ಆದರೆ ದೂರ √(−2 ln u). ಇಲ್ಲಿ ln ಎಂದರೆ ನ್ಯಾಚುರಲ್ ಲಾಗ್.

ಒಂದು ಜೋಡಿಯನ್ನು ಕೈಯಾರೆ ಮಾಡಿ ನೋಡಬಹುದು. ಕಂಪ್ಯೂಟರ್ 0.35 ಮತ್ತು 0.80 ಎಂಬ ಎರಡು ಸಂಖ್ಯೆ ಕೊಟ್ಟಿತು. ಮೊದಲನೆಯದರಿಂದ ದೂರ: 0.35ರ ಲಾಗ್ −1.0498. ಅದನ್ನು −2ರಿಂದ ಗುಣಿಸಿದರೆ 2.0996. ವರ್ಗಮೂಲ 1.449. ಎರಡನೆಯದರಿಂದ ಕೋನ: 360ರ 0.80 ಭಾಗ, ಅಂದರೆ 288 ಡಿಗ್ರಿ. ಅದರ ಕೊಸೈನ್ 0.309, ಸೈನ್ −0.951. ದೂರವನ್ನು ಇವೆರಡರಿಂದ ಗುಣಿಸಿದರೆ 0.448 ಮತ್ತು −1.378. ಇವೇ ಎರಡು ನಾರ್ಮಲ್ ಸಂಖ್ಯೆಗಳು. ಸಕ್ಕರೆ ಯಂತ್ರದ ಮಾನಕ ವಿಚಲನೆ 4 ಗ್ರಾಂ ಎಂದಿದ್ದರೆ ಒಂದೊಂದನ್ನೂ 4ರಿಂದ ಗುಣಿಸಿ 500ಕ್ಕೆ ಕೂಡಿಸಬೇಕು. ಮೊದಲ ಪೊಟ್ಟಣ 501.8 ಗ್ರಾಂ, ಎರಡನೆಯದು 494.5 ಗ್ರಾಂ.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕು, ಬಂದರೆ ಒಳ್ಳೆಯದೇ. ಎರಡೂ ಪೊಟ್ಟಣಗಳು ಒಂದೇ ದೂರ, ಒಂದೇ ಕೋನದಿಂದ ಹುಟ್ಟಿದವು. ಒಂದೇ ತಾಯಿಯ ಅವಳಿಗಳಂತಿರುವ ಇವು ಪರಸ್ಪರ ಸಂಬಂಧವಿಲ್ಲದವು ಆಗುವುದು ಹೇಗೆ? ಉತ್ತರ ಮತ್ತೆ ಆ ಗುಣಾಕಾರದಲ್ಲೇ ಇದೆ. ನೆಲದ ಮೇಲಿನ ಸಾಂದ್ರತೆ x ಮಾತ್ರ ಇರುವ ಒಂದು ಭಾಗ, y ಮಾತ್ರ ಇರುವ ಇನ್ನೊಂದು ಭಾಗ ಎಂದು ಪೂರ್ತಿ ಬೇರ್ಪಡುತ್ತದೆ. ಚೆಂಡು ಪೂರ್ವಕ್ಕೆ ಎಷ್ಟು ತಪ್ಪಿತು ಎಂದು ಹೇಳಿಬಿಟ್ಟರೂ ಉತ್ತರಕ್ಕೆ ಎಷ್ಟು ತಪ್ಪಿತು ಎಂಬ ಬಗ್ಗೆ ಸುಳಿವು ಸಿಗುವುದಿಲ್ಲ. ಬೇರೆ ಯಾವ ಆಕಾರದ ವಿತರಣೆಗೂ ಈ ಗುಣ ಇಲ್ಲ. ದಿಕ್ಕಿನ ಒಲವಿಲ್ಲದೆಯೂ ಎರಡೂ ತಪ್ಪುಗಳು ಸ್ವತಂತ್ರವಾಗಿರುವುದು ಗಂಟೆಯಲ್ಲಿ ಮಾತ್ರ, ಹರ್ಷೆಲ್ ಹೇಳಿದ್ದೂ ಅದನ್ನೇ.

ಪರೀಕ್ಷಿಸಲು ದೊಡ್ಡ ಸಾಧನವೇನೂ ಬೇಡ, ಮನೆಯ ಕಂಪ್ಯೂಟರ್‌ನ ಎಕ್ಸೆಲ್ ಸಾಕು. `A1`, `B1` ಎರಡರಲ್ಲೂ `=RAND()` ಬರೆದು, ಪಕ್ಕದ ಎರಡು ಚೌಕಗಳಲ್ಲಿ ಹೀಗೆ ಹಾಕಬೇಕು:

```
=SQRT(-2*LN(A1))*COS(2*PI()*B1)
=SQRT(-2*LN(A1))*SIN(2*PI()*B1)
```

ಎಕ್ಸೆಲ್ ಕೋನವನ್ನು ಡಿಗ್ರಿಯಲ್ಲಿ ತೆಗೆದುಕೊಳ್ಳುವುದಿಲ್ಲ, ರೇಡಿಯನ್‌ನಲ್ಲಿ ತೆಗೆದುಕೊಳ್ಳುತ್ತದೆ. ಹಾಗಾಗಿ 360ರ ಜಾಗದಲ್ಲಿ `2*PI()` ಬಂದಿದೆ. ಸಾಲನ್ನು ಸಾವಿರದವರೆಗೆ ಎಳೆದರೆ ಪ್ರತಿ ಕಾಲಂನಲ್ಲೂ ಸಾವಿರ ನಾರ್ಮಲ್ ಸಂಖ್ಯೆ. ಅವುಗಳ ಮಾನಕ ವಿಚಲನೆ 1ರ ಹತ್ತಿರ ಇರಬೇಕು. −1ರಿಂದ 1ರ ನಡುವೆ 683ರ ಆಸುಪಾಸು, ಮೂವತ್ತು ಆಚೀಚೆ, ಸಂಖ್ಯೆಗಳಿರಬೇಕು.

ಹೊಸಬರು ಎಡವುವ ಜಾಗವೊಂದು ಇಲ್ಲೇ ಇದೆ. `LN` ಬದಲು `LOG` ಎಂದು ಬರೆದರೆ ಎಕ್ಸೆಲ್ ಹತ್ತರ ಆಧಾರದ ಲಾಗ್ ಹಿಡಿಯುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ, ನಕ್ಷೆಯಲ್ಲಿ ಅಚ್ಚುಕಟ್ಟಾದ ಗಂಟೆಯೇ ಮೂಡುತ್ತದೆ. ಆದರೆ ಅದು ಕುಗ್ಗಿದ ಗಂಟೆ. ಮಾನಕ ವಿಚಲನೆ 0.66ಕ್ಕೆ ಇಳಿದಿರುತ್ತದೆ, −1ರಿಂದ 1ರ ನಡುವೆ 683ರ ಬದಲು ಸುಮಾರು 870 ಸಂಖ್ಯೆಗಳು ತುಂಬಿಕೊಂಡಿರುತ್ತವೆ. ಆಕಾರ ನೋಡಿ ಸಮಾಧಾನಪಟ್ಟವರು ತಮ್ಮ ಯಂತ್ರ ನಿಜಕ್ಕಿಂತ ಬಹಳ ನಿಖರವಾಗಿದೆ ಎಂದು ನಂಬಿಬಿಡುತ್ತಾರೆ. ಮಾನಕ ವಿಚಲನೆಯನ್ನು ಒಮ್ಮೆ ಲೆಕ್ಕ ಹಾಕಿದರೆ ತಪ್ಪು ಬಯಲಾಗುತ್ತದೆ.

ಬಾಕ್ಸ್ ಮತ್ತು ಮುಲ್ಲರ್ ವಿಧಾನದಲ್ಲಿ ಪ್ರತಿ ಜೋಡಿಗೂ ಒಂದು ಸೈನ್, ಒಂದು ಕೊಸೈನ್ ಲೆಕ್ಕ ಬೇಕು. ಆ ಕಾಲದ ಯಂತ್ರಗಳಿಗೆ ಅದು ದುಬಾರಿ ಕೆಲಸ. 1964ರಲ್ಲಿ ಜಾರ್ಜ್ ಮಾರ್ಸಾಗ್ಲಿಯಾ ಮತ್ತು ಥಾಮಸ್ ಬ್ರೇ ಅದನ್ನು ತಪ್ಪಿಸುವ ಉಪಾಯ ಪ್ರಕಟಿಸಿದರು. ಕೇರಂ ಬೋರ್ಡ್‌ನಂಥ ಚೌಕದೊಳಗೆ, ನಾಲ್ಕು ಅಂಚನ್ನೂ ಮುಟ್ಟುವ ದೊಡ್ಡ ವೃತ್ತವೊಂದನ್ನು ಬರೆದಿದೆ ಎಂದುಕೊಳ್ಳಿ. ಚೌಕದೊಳಗೆ ಎಲ್ಲಾದರೂ ಒಂದು ಬಿಂದು ಹಾಕಬೇಕು. ವೃತ್ತದ ಹೊರಗಿನ ಮೂಲೆಗೆ ಬಿದ್ದರೆ ಬಿಟ್ಟು ಇನ್ನೊಂದು ಹಾಕಬೇಕು. ನೂರಕ್ಕೆ ಸುಮಾರು 79 ಸಲ ಬಿಂದು ಒಳಗೇ ಬೀಳುತ್ತದೆ. ಒಳಗೆ ಬಿದ್ದ ಬಿಂದುವಿನ ದಿಕ್ಕು ಹೇಗೂ ಸಪಾಟಾಗಿ ಹರಡಿರುತ್ತದೆ, ಅದರ ಕೊಸೈನ್ ಮತ್ತು ಸೈನ್ ಬೇಕಾದರೆ ಬಿಂದುವಿನ ಅಡ್ಡ–ಉದ್ದ ದೂರಗಳನ್ನು ಕೇಂದ್ರದಿಂದಿರುವ ದೂರದಿಂದ ಭಾಗಿಸಿದರೆ ಮುಗಿಯಿತು. ಇನ್ನೂ ಚಂದದ ಸಂಗತಿ ಎಂದರೆ ಕೇಂದ್ರದಿಂದ ದೂರದ ವರ್ಗವೇ, ಅದನ್ನು s ಎನ್ನೋಣ, ಸೊನ್ನೆ ಮತ್ತು ಒಂದರ ನಡುವೆ ಸಪಾಟಾಗಿ ಹರಡಿದ ಸಂಖ್ಯೆ. ದಿಕ್ಕಿನೊಂದಿಗೆ ಅದಕ್ಕೆ ಸಂಬಂಧವಿಲ್ಲ. ಹಾಗಾಗಿ ಲಾಗ್‌ನೊಳಗೆ ಹಾಕಬೇಕಾದ ಸಂಖ್ಯೆಯೂ ಅಲ್ಲೇ ಸಿಕ್ಕಿಬಿಡುತ್ತದೆ. ಬಿಂದು (0.6, −0.3) ಆದರೆ s ಬೆಲೆ 0.45. √(−2 ln s ÷ s) ಲೆಕ್ಕ ಹಾಕಿದರೆ 1.884. ಅದರಿಂದ ಬಿಂದುವಿನ ಎರಡೂ ಅಂಕಿಗಳನ್ನು ಗುಣಿಸಿದರೆ 1.130 ಮತ್ತು −0.565. ಜಾವಾ ಭಾಷೆಯ `Random` ವರ್ಗದ `nextGaussian` ಈ ದಾರಿಯನ್ನೇ ಹಿಡಿದಿದೆ.

ಇಷ್ಟು ಸ್ವಚ್ಛವಾದ ವಿಧಾನವೂ ಮೋಸ ಹೋಗುವ ಒಂದು ಸಂದರ್ಭವಿದೆ. ಗಣಿತದ ಖಾತರಿ ನಿಂತಿರುವುದು ಎರಡು ಸಪಾಟು ಸಂಖ್ಯೆಗಳು ಪರಸ್ಪರ ಸ್ವತಂತ್ರ ಎಂಬ ನಂಬಿಕೆಯ ಮೇಲೆ. ಹಳೆಯ ಕಂಪ್ಯೂಟರ್‌ಗಳಲ್ಲಿ ರ‍್ಯಾಂಡಮ್ ಸಂಖ್ಯೆ ತಯಾರಾಗುತ್ತಿದ್ದದ್ದು ಸರಳ ಗುಣಾಕಾರದಿಂದ: ಹಿಂದಿನ ಸಂಖ್ಯೆಯನ್ನು ಒಂದು ನಿಗದಿತ ಗುಣಕದಿಂದ ಗುಣಿಸಿ, ದಶಮಾಂಶ ಬಿಂದುವಿನ ಎಡಕ್ಕಿರುವುದನ್ನು ಎಸೆದು, ಉಳಿದದ್ದನ್ನು ಮುಂದಿನ ಸಂಖ್ಯೆಯಾಗಿ ಕೊಡುವುದು. ಇದರಿಂದ ಆಗುವ ಅನಾಹುತವನ್ನು 1973ರಲ್ಲಿ ಹೆನ್ರಿ ನೀವ್ ತೋರಿಸಿಕೊಟ್ಟರು.

ಗುಣಕ 131 ಎಂದಿರಲಿ. ಮೊದಲ ಸಂಖ್ಯೆ 0.0001 ಬಂದರೆ ಎರಡನೆಯದು ತಪ್ಪದೆ 0.0131. ಮೊದಲನೆಯದು ಚಿಕ್ಕದಾದ್ದರಿಂದ ದೂರ ದೊಡ್ಡದು, 4.29. ಆದರೆ ಕೋನ ಬರೀ 4.7 ಡಿಗ್ರಿ. ಬಿಂದು ಪೂರ್ವದ ಅಂಚಿಗೆ ಹೋಗಿ ಬೀಳುತ್ತದೆ. ಇದು ಒಂದು ಸಲದ ಆಕಸ್ಮಿಕವಲ್ಲ. ದೂರ 4 ದಾಟಬೇಕಾದರೆ ಮೊದಲ ಸಂಖ್ಯೆ 0.000335ಕ್ಕಿಂತ ಕಡಿಮೆ ಇರಬೇಕು. ಆಗ ಎರಡನೆಯದು 0.044 ಮೀರುವಂತಿಲ್ಲ, ಕೋನ 16 ಡಿಗ್ರಿ ಮೀರುವಂತಿಲ್ಲ. ಅಂದರೆ ಬಹಳ ದೂರಕ್ಕೆ ಬೀಳುವ ಚೆಂಡುಗಳೆಲ್ಲ ಒಂದೇ ದಿಕ್ಕಿನ ಕಿರಿದಾದ ಓಣಿಯೊಳಗೇ ಬೀಳುತ್ತವೆ. ಕೊಸೈನ್‌ನಿಂದ ಬರುವ ಸಂಖ್ಯೆಗಳಲ್ಲಿ 4ರಾಚೆ ಲಕ್ಷಕ್ಕೆ ಮೂರು ಇರಬೇಕಾದ ಕಡೆ ಸುಮಾರು ಇಪ್ಪತ್ತನಾಲ್ಕು ಬಂದು ಸೇರುತ್ತವೆ. −4ರ ಆಚೆ ಒಂದೂ ಇರುವುದಿಲ್ಲ. ಯಂತ್ರದ ಭಾಷೆಯಲ್ಲಿ ಹೇಳುವುದಾದರೆ, 484 ಗ್ರಾಂಗಿಂತ ಕಡಿಮೆ ತೂಗುವ ಪೊಟ್ಟಣವೇ ಹುಟ್ಟುವುದಿಲ್ಲ, ಎಷ್ಟು ಕೋಟಿ ಪೊಟ್ಟಣ ತುಂಬಿಸಿದರೂ ಸರಿ. ಸರಾಸರಿಯಾಗಲಿ ಮಾನಕ ವಿಚಲನೆಯಾಗಲಿ ಇದನ್ನು ಬಿಟ್ಟುಕೊಡುವುದಿಲ್ಲ. ಜೋಡಿಗಳನ್ನು ಬಿಂದುಗಳಾಗಿ ಹಾಳೆಯ ಮೇಲೆ ಹಾಕಬೇಕು. ಚದುರಿದ ಚುಕ್ಕೆಗಳ ಬದಲು ಸುರುಳಿ ಸುತ್ತಿದ ಗೆರೆಯೊಂದು ಕಂಡರೆ ರೋಗ ಗೊತ್ತಾಯಿತು.

ಸಂಖ್ಯೆಗಳ ಮೂಲ ಚೆನ್ನಾಗಿದ್ದರೂ ಅಂಚಿಗೊಂದು ಬೇಲಿ ಇದ್ದೇ ಇರುತ್ತದೆ. ಲಾಗ್‌ಗೆ ಹಾಕುವ ಸಂಖ್ಯೆ ಎಷ್ಟು ಚಿಕ್ಕದಾಗಬಲ್ಲದೋ ದೂರ ಅಷ್ಟೇ ದೊಡ್ಡದಾಗಬಲ್ಲದು. ಸೊನ್ನೆಯಿಂದ 32767ರವರೆಗೆ ಮಾತ್ರ ಎಣಿಸುವ `rand()` ಬಳಸಿದರೆ ದೂರ 4.56ಕ್ಕೆ ನಿಂತುಬಿಡುತ್ತದೆ, ಹತ್ತು ಲಕ್ಷಕ್ಕೆ ಐದರಂತೆ ಆಚೆ ಬೀಳಬೇಕಾದವು ಕಾಣೆಯಾಗುತ್ತವೆ. 32 ಬಿಟ್‌ಗಳಿದ್ದರೆ 6.66, 53 ಬಿಟ್‌ಗಳಿದ್ದರೆ 8.57. ಸೊನ್ನೆಯೇ ಬಂದರಂತೂ ಲಾಗ್ ಲೆಕ್ಕ ಮುರಿದು ಬೀಳುತ್ತದೆ. ಪೈಥಾನ್‌ನ `random()` ಸೊನ್ನೆ ಕೊಡಬಹುದು, ಒಂದನ್ನು ಎಂದೂ ಕೊಡುವುದಿಲ್ಲ. ಅದಕ್ಕಾಗಿ ಬಲ್ಲವರು ಒಂದರಿಂದ ಅದನ್ನು ಕಳೆದು ಬಳಸುತ್ತಾರೆ:

```python
from math import log, sqrt, cos, sin, pi
from random import random

def jodi():
    t = 2 * pi * random()
    r = sqrt(-2 * log(1 - random()))
    return r * cos(t), r * sin(t)
```

ಪೈಥಾನ್‌ನ ಸ್ವಂತ `random.gauss` ಒಳಗಿರುವುದೂ ಬಹುಪಾಲು ಇದೇ ಲೆಕ್ಕ. ಕೇಳಿದವರಿಗೆ ಒಂದು ಸಂಖ್ಯೆ ಕೊಟ್ಟು, ಜೋಡಿಯ ಇನ್ನೊಂದನ್ನು ಬಚ್ಚಿಟ್ಟುಕೊಂಡು, ಮುಂದಿನ ಸಲ ಕೇಳಿದಾಗ ಲೆಕ್ಕವಿಲ್ಲದೆ ಅದನ್ನು ಎತ್ತಿಕೊಡುತ್ತದೆ. ಎರಡು ಥ್ರೆಡ್‌ಗಳು ಒಂದೇ ಗಳಿಗೆಯಲ್ಲಿ ಕೈಚಾಚಿದರೆ ಇಬ್ಬರಿಗೂ ಒಂದೇ ಸಂಖ್ಯೆ ಸಿಗಬಹುದು ಎಂದು ಪೈಥಾನ್‌ನ ಕೈಪಿಡಿಯೇ ಎಚ್ಚರಿಸುತ್ತದೆ.

ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಇಂದು ಇದಕ್ಕಿಂತ ವೇಗದ ವಿಧಾನಗಳಿವೆ. ಮಾರ್ಸಾಗ್ಲಿಯಾ ಅವರೇ 2000ದಲ್ಲಿ ವೈ ವಾನ್ ಸಾಂಗ್ ಜೊತೆ ಪ್ರಕಟಿಸಿದ ‘ಜಿಗ್ಗುರಾಟ್’ ವಿಧಾನ ನಂಪೈನ ಹೊಸ ಆವೃತ್ತಿಗಳಲ್ಲಿದೆ. ಆದರೆ ಸಾವಿರಾರು ಲೆಕ್ಕ ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಚಿಪ್‌ಗಳಲ್ಲಿ 1958ರ ಹಳೆಯ ದಾರಿಗೆ ಮತ್ತೆ ಬೆಲೆ ಬಂದಿದೆ. ಎನ್‌ವಿಡಿಯಾ ಚಿಪ್‌ನಲ್ಲಿ 32 ಥ್ರೆಡ್‌ಗಳು ಹೆಗಲಿಗೆ ಹೆಗಲು ಕೊಟ್ಟು ಒಂದೇ ಹೆಜ್ಜೆ ಹಾಕುತ್ತವೆ. ವೃತ್ತದ ಹೊರಗೆ ಬಿದ್ದ ಬಿಂದುವನ್ನು ಎಸೆದು ಮತ್ತೆ ಹಾಕುವ ವಿಧಾನವಾದರೆ, ಒಂದು ಥ್ರೆಡ್ ಎಡವಿದಾಗಲೆಲ್ಲ ಉಳಿದ 31 ಕಾಯುತ್ತ ನಿಲ್ಲಬೇಕು. ಬಾಕ್ಸ್ ಮತ್ತು ಮುಲ್ಲರ್ ಲೆಕ್ಕದಲ್ಲಿ ಎಸೆಯುವುದೂ ಇಲ್ಲ, ಕಾಯುವುದೂ ಇಲ್ಲ. ಎರಡು ಸಂಖ್ಯೆ ಒಳಗೆ ಹೋದರೆ ಎರಡು ಸಂಖ್ಯೆ ಹೊರಗೆ ಬರುತ್ತವೆ. ಹಾಗಾಗಿ ಆ ಚಿಪ್‌ಗಳ ರ‍್ಯಾಂಡಮ್ ಸಂಖ್ಯೆಯ ಲೈಬ್ರರಿ `cuRAND`ನಲ್ಲಿ `curand_normal2` ಎಂದು ಕರೆದಾಗ ಇಂದಿಗೂ ಸಿಗುವುದು ಒಂದು ಕೋನ ಮತ್ತು ಒಂದು ದೂರದಿಂದ ಹುಟ್ಟಿದ ಅದೇ ಜೋಡಿ.